ಮೊಡವೆ ಮಾತ್ರೆ ಮತ್ತು ಮದುವೆ ಮುಹೂರ್ತ

‘ಮದುವೆ ಆದ್ಮೇಲೆ ಎಲ್ಲ ತಾನೇ ಹೋಗುತ್ತೆ ಬಿಡು’. ಮೊಡವೆ ಇರುವ ಯಾವ ಹುಡುಗಿಗೂ ಈ ಮಾತು ಹೊಸದಲ್ಲ. ನನಗಂತೂ ಹದಿನಾರನೇ ವಯಸ್ಸಿನಿಂದ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ ಎಲ್ಲರೂ ಹೇಳುತ್ತಾ ಬಂದಿದ್ದರು. 27 ಆದರೂ ದವಡೆ ಉದ್ದಕ್ಕೂ ನೋವಿನ ಗಂಟುಗಳು, ಬೆನ್ನ ಮೇಲೆ ಕೀವು, ಒಂದು ಒಣಗುವಷ್ಟರಲ್ಲಿ ಗುಳಿ ಬೀಳಿಸಿ ಹೋಗುವ ಕಲೆ. ಆ್ಯಂಟಿಬಯಾಟಿಕ್ ಮಾತ್ರೆ ಮೂರು ತಿಂಗಳು ನುಂಗಿದೆ, ಕ್ರೀಮ್ ಹಚ್ಚಿದೆ. ನಿಲ್ಲಿಸಿದ ತಿಂಗಳಲ್ಲೇ ಎಲ್ಲ ವಾಪಸ್. ಕೊನೆಗೆ ಚರ್ಮದ ಡಾಕ್ಟರು ಬರೆದುಕೊಟ್ಟಿದ್ದು ಐಸೊಟ್ರೆಟಿನಾಯಿನ್.

ಇದು ಸಾಮಾನ್ಯ ಮೊಡವೆಗೆ ಕೊಡುವ ಮಾತ್ರೆ ಅಲ್ಲ. ಗಂಟು ಕಟ್ಟುವ, ಕಲೆ ಉಳಿಸುವ, ಬೇರೆ ಔಷಧಕ್ಕೆ ಬಗ್ಗದ ಮೊಡವೆಗೆ ಕೊಡೋದು. ಅದನ್ನು ಶುರು ಮಾಡಿದ ವರ್ಷವೇ ನನ್ನ ಮದುವೆ ಮಾತುಕತೆಯೂ ಶುರುವಾಯಿತು. ಹಾಗಾಗಿ ಇದು ಎಷ್ಟರಮಟ್ಟಿಗೆ ದಿನ, ತಾರೀಖುಗಳ ಲೆಕ್ಕದ ಔಷಧ ಅನ್ನೋದು ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ ಆಫೀಸಿನಲ್ಲೇ ಮೂವರು ಇದನ್ನು ತಗೊಳ್ತಿದ್ದಾರೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಬರೀತಿದೀನಿ.

ಆರು ತಿಂಗಳು ಯಾಕೆ?

ಐಸೊಟ್ರೆಟಿನಾಯಿನ್ ವಿಟಮಿನ್ ಎ ಕುಟುಂಬಕ್ಕೆ ಸೇರಿದ್ದು. ಚರ್ಮದಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳನ್ನೇ ಇದು ಕುಗ್ಗಿಸುತ್ತೆ. ಎಣ್ಣೆ ಕಡಿಮೆಯಾದರೆ ರಂಧ್ರ ಕಟ್ಟಿಕೊಳ್ಳೋದು ಕಡಿಮೆ, ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗೂ ಆಹಾರ ಇಲ್ಲ.

ಎಷ್ಟು ದಿನ ತಗೋಬೇಕು ಅನ್ನೋದು ದೇಹದ ತೂಕದ ಮೇಲೆ ನಿಂತಿದೆ. ವೈದ್ಯರು ಸಾಮಾನ್ಯವಾಗಿ ಇಡೀ ಚಿಕಿತ್ಸೆಗೆ ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ ಅಂತ ಲೆಕ್ಕ ಹಾಕ್ತಾರೆ. ನನ್ನ ತೂಕ 54 ಕಿಲೋ. 54ನ್ನು 120ರಿಂದ ಗುಣಿಸಿದರೆ 6,480 ಮಿಲಿಗ್ರಾಂ. ಮೊದಲ ತಿಂಗಳು ದಿನಕ್ಕೆ 20 ಮಿಲಿಗ್ರಾಂನಂತೆ 600 ಆಯ್ತು. ಆಮೇಲೆ ದಿನಕ್ಕೆ 40, ಐದು ತಿಂಗಳಿಗೆ 6,000. ಒಟ್ಟು 6,600. ಜೂನ್ ಮೊದಲ ವಾರ ಶುರು ಮಾಡಿದ್ದು, ಡಿಸೆಂಬರ್ ಮೊದಲ ವಾರಕ್ಕೆ ಮುಗಿಯಬೇಕು.

ಮುಖ ತಿಳಿಯಾಯ್ತು ಅಂತ ಮೂರನೇ ತಿಂಗಳಿಗೇ ಬಿಟ್ಟುಬಿಡುವವರು ತುಂಬಾ ಜನ. ಈ ಮೊತ್ತ ತಲುಪದೆ ನಿಲ್ಲಿಸಿದರೆ ಮೊಡವೆ ಮರಳುವ ಸಂಭವ ಜಾಸ್ತಿ. ಇನ್ನೊಂದು ವಿಷಯ: ಮೊದಲ ಕೆಲವು ವಾರಗಳಲ್ಲಿ ಮೊಡವೆ ಹೆಚ್ಚಾಗಬಹುದು. ನನಗೆ ಮೂರನೇ ವಾರ ಹಾಗೇ ಆಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಅವರು ಕಡಿಮೆ ಡೋಸಿನಿಂದ ಶುರು ಮಾಡಿದ್ದಕ್ಕೂ ಇದೇ ಕಾರಣ.

ತುಟಿ ಒಡೆಯಲೇಬೇಕು

‘ನಿನ್ನ ತುಟಿ ಒಣಗದೇ ಇದ್ರೆ ನೀನು ಮಾತ್ರೆ ತಗೊಳ್ತಿಲ್ಲ ಅಂತ ನನಗೆ ಗೊತ್ತಾಗುತ್ತೆ’ ಅಂದಿದ್ದರು ಡಾಕ್ಟರ್, ನಗುತ್ತಾ. ನಿಜಕ್ಕೂ ತುಟಿ ಒಣಗೋದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ. ಮೊಡವೆ ತರುವ ಎಣ್ಣೆಯನ್ನು ನಿಲ್ಲಿಸುವ ಔಷಧ ಉಳಿದ ತೇವವನ್ನೂ ಕಡಿಮೆ ಮಾಡುತ್ತೆ. ನನಗೆ ಎರಡನೇ ವಾರಕ್ಕೇ ಬಾಯಿ ಮೂಲೆ ಬಿರುಕು ಬಿಟ್ಟು, ಚಟ್ನಿ ತಾಗಿದರೆ ಉರಿ.

ಪರಿಮಳದ ಲಿಪ್ ಬಾಮ್‌ಗಿಂತ ಸಾದಾ ಪೆಟ್ರೋಲಿಯಂ ಜೆಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮಲಗುವ ಮುಂಚೆ ಮೂಗಿನ ಹೊಳ್ಳೆ ಒಳಗೂ ಸ್ವಲ್ಪ ಸವರಿಕೊಳ್ತಿದ್ದೆ, ಯಾಕಂದ್ರೆ ಎಸಿ ಆಫೀಸಿನಲ್ಲಿ ಮೂಗು ಒಣಗಿ ಎರಡು ಸಲ ರಕ್ತ ಬಂದಿತ್ತು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿದೆ, ಕಣ್ಣಿಗೆ ಡಾಕ್ಟರು ಹೇಳಿದ ಡ್ರಾಪ್ಸ್ ಬಿಟ್ಟೆ. ಹಳೇ ಮೊಡವೆ ಕ್ರೀಮ್, ಸ್ಕ್ರಬ್ ಎಲ್ಲ ಬಂದ್. ಮೃದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟೇ ಉಳಿದದ್ದು. ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಬೇಡ ಅಂದರು. ಈ ಸಮಯದಲ್ಲಿ ಚರ್ಮ ತೆಳುವಾಗಿರುತ್ತೆ, ವ್ಯಾಕ್ಸ್ ಜೊತೆ ಅದೂ ಕಿತ್ತು ಬರಬಹುದು.

ಇದೆಲ್ಲ ಕಿರಿಕಿರಿ, ಅಪಾಯ ಅಲ್ಲ. ಔಷಧ ನಿಂತ ಮೇಲೆ ಸಾಮಾನ್ಯವಾಗಿ ಹೋಗುತ್ತೆ. ಆದರೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗೋದು, ಜೋರು ಹೊಟ್ಟೆನೋವು, ಇಲ್ಲವೇ ಮನಸ್ಸು ಕುಸಿಯುತ್ತಾ ಹೋಗೋದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ಹೇಳಬೇಕು. ಡಾಕ್ಸಿಸೈಕ್ಲಿನ್ ಥರದ ಆ್ಯಂಟಿಬಯಾಟಿಕ್ ಇದರ ಜೊತೆ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರಬಹುದು. ಆದ್ದರಿಂದ ಜ್ವರಕ್ಕೆ ಬೇರೆ ಡಾಕ್ಟರ್ ಹತ್ರ ಹೋದಾಗಲೂ ‘ನಾನು ಐಸೊಟ್ರೆಟಿನಾಯಿನ್ ತಗೊಳ್ತಿದೀನಿ’ ಅಂತ ಮೊದಲು ಹೇಳಿ.

ರಕ್ತ ಪರೀಕ್ಷೆಯಲ್ಲಿ ನೋಡೋದೇನು?

ಮುಖ್ಯವಾಗಿ ಎರಡು: ರಕ್ತದ ಕೊಬ್ಬು ಮತ್ತು ಲಿವರ್. ಶುರು ಮಾಡುವ ಮುಂಚೆ ಒಂದು ಸಲ, ಆಮೇಲೆ ಒಂದೆರಡು ತಿಂಗಳಲ್ಲಿ ಮತ್ತೆ, ಡೋಸ್ ಏರಿಸಿದ ಮೇಲೆ ಇನ್ನೊಮ್ಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಕಾಫಿನೂ ಕುಡಿಯದೆ.

ಕೊಬ್ಬಿನಲ್ಲಿ ಕಣ್ಣಿಡಬೇಕಾದದ್ದು ಟ್ರೈಗ್ಲಿಸರೈಡ್ ಮೇಲೆ. 150ರ ಒಳಗಿದ್ದರೆ ಸಹಜ. ನನ್ನದು ಶುರುವಿನಲ್ಲಿ 118, ಒಂದು ತಿಂಗಳ ನಂತರ 142, ದಿನಕ್ಕೆ 40 ಮಿಲಿಗ್ರಾಂ ಶುರುವಾಗಿ ಎರಡು ತಿಂಗಳಿಗೆ 236. ಲ್ಯಾಬ್ ರಿಪೋರ್ಟಿನಲ್ಲಿ ಅದಕ್ಕೆ ದಪ್ಪಕ್ಷರ ಹಾಕಿದ್ದು ನೋಡಿ ಎದೆ ಧಸಕ್ ಅಂತು. ಡಾಕ್ಟರು ನಿಲ್ಲಿಸಲಿಲ್ಲ. ಈ ಮಟ್ಟದ ಏರಿಕೆ ನಿರೀಕ್ಷಿತ, ಬೇಕರಿ ತಿಂಡಿ, ಸಿಹಿ, ಕರಿದದ್ದು ಕಡಿಮೆ ಮಾಡಿ ಆರು ವಾರ ಬಿಟ್ಟು ನೋಡೋಣ ಅಂದರು. ಆಮೇಲೆ 190ಕ್ಕೆ ಇಳಿಯಿತು. 500 ದಾಟಿದರೆ ಡೋಸ್ ಇಳಿಸೋದೋ ನಿಲ್ಲಿಸೋದೋ ಯೋಚಿಸ್ತಾರೆ. ತುಂಬಾ ಏರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಇದೆ. ಜೋರು ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕಬಾರದು ಅನ್ನೋದು ಅದಕ್ಕೇ. ಲಿವರಿಗೆ ಎರಡು ಕಡೆಯಿಂದ ಹೊರೆ ಬೇಡ, ಹಾಗಾಗಿ ವೀಕೆಂಡ್ ಬಿಯರ್ ಕೂಡ ಈ ಆರು ತಿಂಗಳು ದೂರ ಇರಲಿ.

ಇಲ್ಲೊಂದು ಗೊಂದಲ ಬರುತ್ತೆ. ಈ ಕ್ಯಾಪ್ಸೂಲ್ ಕೊಬ್ಬಿರುವ ಊಟದ ಜೊತೆಯೇ ಚೆನ್ನಾಗಿ ಮೈಗೆ ಹತ್ತೋದು. ಹಾಗಂತ ಬೋಂಡ, ಬಜ್ಜಿ ಬೇಕಿಲ್ಲ. ಅನ್ನಕ್ಕೆ ಒಂದು ಚಮಚ ತುಪ್ಪ, ಒಂದು ಲೋಟ ಹಾಲು, ಶೇಂಗಾ ಚಟ್ನಿ ಇರುವ ಮಾಮೂಲಿ ಊಟ ಸಾಕು.

ಅಮ್ಮನನ್ನು ಹೊರಗೆ ಕೂರಿಸಿ ಕೇಳಿದ ಪ್ರಶ್ನೆ

ಮೊದಲ ದಿನವೇ ಡಾಕ್ಟರು ಅಮ್ಮನಿಗೆ ‘ಐದು ನಿಮಿಷ ಹೊರಗಿರಿ ಅಮ್ಮ’ ಅಂದು ನನ್ನನ್ನು ನೇರವಾಗಿ ಕೇಳಿದರು: ದೈಹಿಕ ಸಂಬಂಧ ಇದೆಯಾ? ‘ಇದು ನಡತೆಯ ಪ್ರಶ್ನೆ ಅಲ್ಲಮ್ಮ, ಔಷಧದ ಪ್ರಶ್ನೆ’ ಅಂತಲೂ ಸೇರಿಸಿದರು.

ಕಾರಣ ಇಷ್ಟು. ಭ್ರೂಣದ ಕಿವಿ, ಮುಖ, ಹೃದಯ, ಮೆದುಳು ರೂಪುಗೊಳ್ಳುವ ಮೊದಲ ವಾರಗಳಲ್ಲಿ ಈ ಔಷಧ ತಾಯಿಯ ರಕ್ತದಲ್ಲಿದ್ದರೆ ಅಲ್ಲೆಲ್ಲ ಗಂಭೀರ ಊನವಾಗಬಹುದು, ಗರ್ಭಪಾತವೂ ಆಗಬಹುದು. ಕಡಿಮೆ ಡೋಸ್, ಕೆಲವೇ ದಿನ ಅನ್ನುವ ರಿಯಾಯಿತಿ ಇಲ್ಲ. ಮುಟ್ಟು ತಪ್ಪಿತು ಅಂತ ಗೊತ್ತಾಗುವ ಹೊತ್ತಿಗೆ ಆ ವಾರಗಳು ಶುರುವಾಗಿಬಿಟ್ಟಿರುತ್ತವೆ. ಅಮೆರಿಕದಲ್ಲಿ 1982ರಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಇಂಥ ಮಕ್ಕಳು ಹುಟ್ಟಿದ್ದು ವರದಿಯಾಯಿತು. 2006ರಿಂದ ಅಲ್ಲಿ ಐಪ್ಲೆಡ್ಜ್ ಅನ್ನುವ ಕಡ್ಡಾಯ ನೋಂದಣಿ ಇದೆ. ಗರ್ಭ ಧರಿಸಬಲ್ಲವರು ಅದರ ಷರತ್ತು ಪೂರೈಸದೆ ಔಷಧ ಪಡೆಯುವಂತಿಲ್ಲ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಡಾಕ್ಟರು ಕೇಳಬೇಕು, ನಾವು ಹೇಳಬೇಕು.

ನಿಯಮ ಹೀಗಿದೆ. ಶುರು ಮಾಡುವ ಮುಂಚೆ ಗರ್ಭ ಪರೀಕ್ಷೆ ನೆಗೆಟಿವ್ ಬರಬೇಕು. ಮುಟ್ಟಾದ ಎರಡು ಮೂರನೇ ದಿನ ಮಾತ್ರೆ ಶುರು. ಪ್ರತಿ ತಿಂಗಳು ಪರೀಕ್ಷೆ, ಮುಗಿದ ಒಂದು ತಿಂಗಳಿಗೆ ಕೊನೆಯ ಪರೀಕ್ಷೆ. ಸಂಬಂಧ ಇರುವವರು ಔಷಧಕ್ಕೆ ಒಂದು ತಿಂಗಳ ಮುಂಚಿನಿಂದ ಮುಗಿದ ಒಂದು ತಿಂಗಳವರೆಗೆ ಎರಡು ವಿಧಾನ ಒಟ್ಟಿಗೆ ಬಳಸಬೇಕು. ಉದಾಹರಣೆಗೆ ಗರ್ಭನಿರೋಧಕ ಮಾತ್ರೆ ಮತ್ತು ಕಾಂಡೋಮ್, ಇಲ್ಲವೇ ಕಾಪರ್-ಟಿ ಮತ್ತು ಕಾಂಡೋಮ್. ಕಾಂಡೋಮ್ ಒಂದೇ ಸಾಲದು. ಮುಟ್ಟು ತಡವಾದರೆ ಮಾತ್ರೆ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕಾಣಬೇಕು. ನನಗೆ ಸಂಬಂಧ ಇರಲಿಲ್ಲ. ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ತಿಂಗಳ ಪರೀಕ್ಷೆ ತಪ್ಪಿಸಲಿಲ್ಲ.

ಆಗಸ್ಟ್‌ನಲ್ಲಿ ನಿಶ್ಚಿತಾರ್ಥ ಆಯಿತು. ಹುಡುಗನ ಕಡೆಯವರು ಕಾರ್ತಿಕದಲ್ಲೇ, ಅಂದರೆ ನವೆಂಬರ್‌ನಲ್ಲಿ ಮುಹೂರ್ತ ನೋಡಿದ್ದರು. ನಾನು ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ‘ನಾನೂ ಡಾಕ್ಟರ್ ಹತ್ರ ಬರ್ತೀನಿ’ ಅಂದ. ಡಾಕ್ಟರು ಮದುವೆ ಬೇಡ ಅನ್ನಲಿಲ್ಲ. ‘ನವೆಂಬರ್‌ನಲ್ಲಿ ಆಗಿ, ಆದರೆ ಅದಕ್ಕೆ ಒಂದು ತಿಂಗಳು ಮೊದಲೇ ಗರ್ಭನಿರೋಧಕ ಮಾತ್ರೆ ಶುರು, ಜೊತೆಗೆ ಕಾಂಡೋಮ್, ಜನವರಿವರೆಗೆ ಒಂದು ದಿನವೂ ತಪ್ಪಬಾರದು. ಇಲ್ಲಾಂದ್ರೆ ಡಿಸೆಂಬರ್‌ನಲ್ಲಿ ಔಷಧ ಮುಗಿಸಿ, ಒಂದು ತಿಂಗಳು ಬಿಟ್ಟು ಆಗಿ’ ಅಂತ ಎರಡು ದಾರಿ ಇಟ್ಟರು.

ಮದುವೆಯಾದ ಮೊದಲ ತಿಂಗಳಿಂದಲೇ ‘ಏನಾದ್ರೂ ವಿಶೇಷಾನಾ?’ ಅಂತ ಕೇಳುವ ಮನೆಗಳು ನಮ್ಮವು. ನಾವು ಎರಡನೇ ದಾರಿ ಹಿಡಿದೆವು. ಲೆಕ್ಕವೂ ಚೆನ್ನಾಗಿ ಕೂಡಿತು: ಕೊನೆಯ ಮಾತ್ರೆ ಡಿಸೆಂಬರ್ 2ಕ್ಕೆ. ಆಮೇಲಿನ ಒಂದು ತಿಂಗಳಲ್ಲಿ ಧನುರ್ಮಾಸ ಶುರು, ಆಗ ಹೇಗೂ ಮದುವೆ ಇಟ್ಟುಕೊಳ್ಳಲ್ಲ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ. ಭಾವಿ ಅತ್ತೆಗೆ ಅವನೇ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ: ‘ಮುಂದೆ ಮಕ್ಕಳಿಗೆ ತೊಂದರೆ ಇಲ್ವಾ?’

ಇಲ್ಲ. ಈ ಔಷಧ ಮೈಯಲ್ಲಿ ವರ್ಷಗಟ್ಟಲೆ ಕೂರಲ್ಲ. ಕೊನೆಯ ಮಾತ್ರೆಯ ನಂತರ ವಾರಗಳಲ್ಲೇ ಹೊರಹೋಗುತ್ತೆ, ಒಂದು ತಿಂಗಳ ಅಂತರ ಅದಕ್ಕಾಗಿಯೇ. ಆಮೇಲೆ ಗರ್ಭ ಧರಿಸಲು ಅಡ್ಡಿಯಿಲ್ಲ. ಇದನ್ನು ತಗೊಳ್ಳುವ ಗಂಡಸರಿಂದ ಮಗುವಿಗೆ ತೊಂದರೆ ಆಗುತ್ತೆ ಅನ್ನೋದಕ್ಕೂ ಆಧಾರ ಕಂಡಿಲ್ಲ.

ಆದರೆ ಗಂಡಸರಿಗೂ ಹೆಂಗಸರಿಗೂ ಅನ್ವಯಿಸುವ ಎರಡು ಮಾತಿವೆ. ಔಷಧ ತಗೊಳ್ಳುವಾಗ ಮತ್ತು ಮುಗಿದ ಒಂದು ತಿಂಗಳು ರಕ್ತದಾನ ಮಾಡಬೇಡಿ, ಆ ರಕ್ತ ಯಾವ ಗರ್ಭಿಣಿಗೆ ಹೋಗುತ್ತೋ ಗೊತ್ತಿಲ್ಲ. ಉಳಿದ ಸ್ಟ್ರಿಪ್ಪನ್ನು ತಂಗಿಗೋ ಗೆಳತಿಗೋ ಕೊಡಬೇಡಿ. ನನ್ನ ಹತ್ರ ಉಳಿದಿದ್ದ ನಾಲ್ಕು ಕ್ಯಾಪ್ಸೂಲ್ ಕೇಳಿಕೊಂಡು ಚಿಕ್ಕಮ್ಮನ ಮಗಳು ಬಂದಿದ್ದಳು. ಮಾತ್ರೆ ಕೊಡಲಿಲ್ಲ, ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿಸಿ ಕೊಟ್ಟೆ.