ಒಂದು ಹಾಸಿಗೆಗೆ ತಿಂಗಳಿಗೆ ಎಷ್ಟು? ವೃದ್ಧಾಶ್ರಮದ ಖರ್ಚಿನ ಲೆಕ್ಕ

ಮಾನ್ಯ ದಾನಿಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಒಬ್ಬ ಅಜ್ಜನ ಊಟಕ್ಕೆ ದಿನಕ್ಕೆ ನೂರು ರೂಪಾಯಿ ಸಾಕಲ್ಲ, ನೀವು ಹಾಸಿಗೆಗೆ ತಿಂಗಳಿಗೆ 14,000 ಯಾಕೆ ಕೇಳ್ತೀರಿ?" ಪ್ರಶ್ನೆ ನ್ಯಾಯವಾದದ್ದೇ. ಖಾನಾಪುರದಂಥ ಊರಿನಲ್ಲಿ 20 ಹಾಸಿಗೆಗಳ ಒಂದು ಮನೆ ನಡೆಸುವುದಾದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬ ಅಂದಾಜನ್ನು ಇಲ್ಲಿ ಬಿಡಿಸಿಟ್ಟಿದ್ದೇವೆ. ವಿದ್ಯಾರ್ಥಿವೇತನ ಪಡೆಯುವ ಮಕ್ಕಳು ಕೂಡಿಸಿ ನೋಡಲಿ, ತಪ್ಪಿದ್ದರೆ ತಿಳಿಸಲಿ.

ಊಟದಿಂದ ಶುರು ಮಾಡೋಣ. ಉಣ್ಣುವವರು 20 ಹಿರಿಯರಷ್ಟೇ ಅಲ್ಲ. ಕೆಲಸದಲ್ಲಿರುವ ಸಿಬ್ಬಂದಿಯೂ ಅಲ್ಲೇ ಉಣ್ಣುತ್ತಾರೆ, ಹಾಗಾಗಿ ದಿನಕ್ಕೆ 24 ತಟ್ಟೆ. ರೇಶನ್, ಹಾಲು, ತರಕಾರಿ, ಗ್ಯಾಸ್ ಸೇರಿ ತಟ್ಟೆಗೆ 100 ರೂ. ಹಿಡಿದರೆ ತಿಂಗಳಿಗೆ 72,000 ರೂ. ಆಯಿತು. ದೊಡ್ಡ ಮೊತ್ತವೇ, ಆದರೆ ಒಟ್ಟು ಖರ್ಚಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಅಷ್ಟೇ.

ಅರ್ಧದಷ್ಟು ಹಣ ಹೋಗುವುದು ಆರೈಕೆ ಮಾಡುವ ಕೈಗಳಿಗೆ. ಇಲ್ಲಿಯೇ ಹೊಸದಾಗಿ ಆಶ್ರಮ ತೆರೆಯುವವರ ಲೆಕ್ಕ ತಪ್ಪುತ್ತದೆ. 20 ಹಿರಿಯರಲ್ಲಿ ನಾಲ್ವರು ಹಾಸಿಗೆ ಹಿಡಿದವರು ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ ಇಬ್ಬರು, ಮಧ್ಯಾಹ್ನದಿಂದ ಇಬ್ಬರು, ರಾತ್ರಿ ಒಬ್ಬರು ಬೇಕು. ಐದು ಜನ ಸಾಕು ಅನ್ನಿಸುತ್ತದೆ. ಆದರೆ ಎಂಟು ತಾಸಿನ ಐದು ಪಾಳಿ ಅಂದರೆ ದಿನಕ್ಕೆ 40 ತಾಸು, ವಾರಕ್ಕೆ 280 ತಾಸು. ಒಬ್ಬರು ವಾರಕ್ಕೆ 48 ತಾಸು ದುಡಿಯಬಹುದು. ಭಾಗಿಸಿದರೆ ಆರು ಜನ ಬೇಕೇ ಬೇಕು. ಆರನೆಯವರನ್ನು ಇಡದಿದ್ದರೆ ವಾರದ ರಜೆಯ ದಿನ ರಾತ್ರಿ ಪಾಳಿ ಖಾಲಿ ಬೀಳುತ್ತದೆ, ಇಲ್ಲವೇ ಹಗಲು ದುಡಿದವರೇ ರಾತ್ರಿಯೂ ಕೂರುತ್ತಾರೆ. ಅದು ಗೊತ್ತಾಗುವುದು ಹಾಸಿಗೆ ಹಿಡಿದವರ ಬೆನ್ನಿನಲ್ಲಿ: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಆಶ್ರಮ ನೋಡಲು ಬರುವ ದಾನಿಗಳು ಅಡುಗೆಮನೆ ನೋಡಿ ಹೋಗುತ್ತಾರೆ. ರಾತ್ರಿ ಪಾಳಿಯ ಪುಸ್ತಕ ಕೇಳಿ ನೋಡುವುದು ಒಳ್ಳೆಯದು. ಆರು ಆರೈಕೆದಾರರು, ಇಬ್ಬರು ಅಡುಗೆಯವರು, ಒಬ್ಬ ಸ್ವಚ್ಛತೆಯವರು, ತಲಾ 15,000 ರೂ.ನಂತೆ 1,35,000 ರೂ.

ಔಷಧಕ್ಕೆ 36,000. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಹಿರಿಯರೊಬ್ಬರಿಗೆ ಸರಾಸರಿ 600 ರೂ.ನಂತೆ 12,000. ಇದನ್ನು ಜನೌಷಧಿ ಅಂಗಡಿಯಲ್ಲಿ ಕಡಿಮೆ ಮಾಡಬಹುದು, ಆದರೆ ಚೀಟಿಯಲ್ಲಿ ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರು ಬರೆಸಿಕೊಳ್ಳಬೇಕು. ನಾಲ್ವರಿಗೆ ದಿನಕ್ಕೆ ಮೂರರಂತೆ ಡೈಪರ್ 360 ಆಗುತ್ತವೆ, 10,800 ರೂ. ಇದನ್ನು ಯಾರೂ ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಉಳಿದ 13,200 ವೈದ್ಯರ ಭೇಟಿ, ರಕ್ತಪರೀಕ್ಷೆ ಮತ್ತು ಸುಮಾರು 25 ಕಿ.ಮೀ. ದೂರದ ಬೆಳಗಾವಿ ಆಸ್ಪತ್ರೆಗೆ ಹೋಗುವ ಗಾಡಿಗೆ. ವಿದ್ಯುತ್ತು, ನೀರು, ಸಾಬೂನು, ಇನ್ವರ್ಟರಿಗೆ 22,000. ಮಳೆಗಾಲದಲ್ಲಿ ಇದು ಏರುತ್ತದೆ. ಖಾನಾಪುರದ ಮಳೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಹಾಸಿಗೆ ಬಟ್ಟೆ ಒಣಗುವುದೇ ಇಲ್ಲ. ದುರಸ್ತಿ ಮತ್ತು ಲೆಕ್ಕಪರಿಶೋಧನೆಗೆ 15,000.

ಎಲ್ಲ ಕೂಡಿ 2,80,000. ಇಪ್ಪತ್ತರಿಂದ ಭಾಗಿಸಿದರೆ 14,000.

ನಾಲ್ಕು ಹಾಸಿಗೆ ಖಾಲಿ ಇದ್ದರೆ? ಉಳಿಯುವುದು ನಾಲ್ವರ ಊಟ 12,000, ಮಾತ್ರೆ 2,400 ಮಾತ್ರ. ಸಂಬಳ, ಕರೆಂಟು ಹಾಗೇ ಇರುತ್ತದೆ. 2,65,600ನ್ನು 16ರಿಂದ ಭಾಗಿಸಿ: ಒಬ್ಬರಿಗೆ 16,600. ಆದ್ದರಿಂದ ಪ್ರಾಯೋಜಕತ್ವ ಹಾಸಿಗೆಗೇ ಹೊರತು ನಿರ್ದಿಷ್ಟ ವ್ಯಕ್ತಿಗಲ್ಲ. ಅಲ್ಲಿದ್ದ ಹಿರಿಯರು ತೀರಿಕೊಂಡರೂ ಹಾಸಿಗೆಯ ಹಣ ನಿಲ್ಲಬಾರದು. ಹಾಗೆಯೇ ದಾನಿ ನಿಲ್ಲಿಸಿದರೂ ಹಿರಿಯರನ್ನು ಎಬ್ಬಿಸಿ ಕಳಿಸುವಂತಿಲ್ಲ. ಇದಕ್ಕಾಗಿ ಮೂರು ತಿಂಗಳ ಖರ್ಚು, ಅಂದರೆ 8,40,000 ರೂ. ಮೀಸಲು ಬೇಕು. ರಮಝಾನಿನಲ್ಲಿ ದೇಣಿಗೆ ಹರಿದು ಬರುತ್ತದೆ, ಸಂಬಳ ಮಾತ್ರ ಹನ್ನೆರಡೂ ತಿಂಗಳು ಕೊಡಬೇಕು.

ಇಡೀ ಹಾಸಿಗೆ ವರ್ಷಕ್ಕೆ 1,68,000 ಆಗುವುದರಿಂದ ನಾಲ್ಕು ಕುಟುಂಬಗಳು ತಿಂಗಳಿಗೆ 3,500ರಂತೆ ಹಂಚಿಕೊಳ್ಳುವುದು ಸುಲಭ. "ಊಟಕ್ಕೆ ಮಾತ್ರ" ಎಂದು ಬರೆದುಕೊಟ್ಟ ಹಣವನ್ನು ರಾತ್ರಿ ಪಾಳಿಯ ಸಂಬಳಕ್ಕೆ ಬಳಸಲು ಬಾರದು. ಹುಟ್ಟುಹಬ್ಬಕ್ಕೆ ಬಿರಿಯಾನಿ ದೇಗ್ ತರುವವರಿಗೂ ಒಂದು ಮಾತು: ಸಕ್ಕರೆ ಕಾಯಿಲೆಯವರಿಗೆ ಅಂದು ಬೇರೆ ಅಡುಗೆ ಆಗಲೇಬೇಕು, ಹಾಗಾಗಿ ಮುಂಚೆ ತಿಳಿಸಿದರೆ ಒಳ್ಳೆಯದು.

ಝಕಾತ್ ಹಣ ಬಡವರ ಸ್ವಂತದ್ದಾಗಬೇಕು ಎಂಬುದು ಅನೇಕ ಉಲಮಾಗಳ ಅಭಿಪ್ರಾಯ. ಕಟ್ಟಡ, ಸಂಬಳ, ಕರೆಂಟ್ ಬಿಲ್ಲಿಗೆ ಅದನ್ನು ಮುಟ್ಟದಿರುವುದೇ ಸುರಕ್ಷಿತ. ಅವು ಸದಖಾ, ಲಿಲ್ಲಾಹ್ ಹಣದಿಂದ ನಡೆಯಬೇಕು. ಕೊಡುವಾಗ ಯಾವುದೆಂದು ರಸೀದಿಯಲ್ಲಿ ಬರೆಸಿರಿ. ವಿದ್ಯಾರ್ಥಿವೇತನದ ಖಾತೆಯೂ ಇದೇ ಕಾರಣಕ್ಕೆ ಬೇರೆಯೇ ಇರಬೇಕು. ಹಿರಿಯರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ಈ ಲೆಕ್ಕದಲ್ಲಿ ನಾವು ಸೇರಿಸಿಲ್ಲ. ಅದು ಅವರ ಹಣ, ಎಲೆ ಅಡಿಕೆಗೋ ಮೊಮ್ಮಗುವಿನ ಈದಿಗೋ ಅವರೇ ಖರ್ಚು ಮಾಡಲಿ.