ಟೊರಾಂಟೊದ ತಮ್ಮನಿಗೆ ಧಾರವಾಡದ ಜುಬ್ಬಾ

ಧಾರವಾಡದ ಅಕ್ಕ ಟೊರಾಂಟೊದಲ್ಲಿರುವ ತಮ್ಮನಿಗೆ ದೀಪಾವಳಿಗೆ ಖಾದಿ ಜುಬ್ಬಾ ಕಳಿಸಬೇಕು ಎಂದುಕೊಳ್ಳೋಣ. ಅವನು ಬಿಟ್ಟುಹೋದ ಅಂಗಿಯೊಂದು ಮನೆಯ ಕಪಾಟಿನಲ್ಲಿದೆ, ಕಾಲರಿನಲ್ಲಿ 40 ಎಂಬ ಚೀಟಿ. ಇಷ್ಟನ್ನೇ ನಂಬಿ ಅಂಗಡಿಗೆ ಹೋದರೆ ಎಡವಟ್ಟು. ಅಂಗಿಯ ಮೇಲಿನ 40 ಸಾಮಾನ್ಯವಾಗಿ ತೊಡುವವನ ಎದೆಯ ಅಳತೆ, ಬಟ್ಟೆಯದಲ್ಲ. ಉಸಿರಾಡಲು, ಕೈಯೆತ್ತಲು ಬೇಕಾದ ಸಡಿಲವನ್ನು ಅದರ ಮೇಲೆ ಸೇರಿಸಿ ಹೊಲಿದಿರುತ್ತಾರೆ. ಆ ಸಡಿಲ ಎಷ್ಟೆಂಬುದು ಒಂದೊಂದು ಕಂಪನಿಗೆ ಒಂದೊಂದು ತೆರ.

ಆದ್ದರಿಂದ ಅಂಗಿಯನ್ನೇ ಅಳೆಯಬೇಕು. ಗುಂಡಿ ಹಾಕಿ, ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿದರೆ 22 ಇಂಚು ಬಂತು ಅನ್ನಿ. ಸುತ್ತಳತೆ ಅದರ ಎರಡರಷ್ಟು, 44. ಇಲ್ಲಿ ಅರ್ಧ ಇಂಚು ತಪ್ಪಿದರೂ ಸುತ್ತಿನಲ್ಲಿ ಒಂದು ಇಂಚು ತಪ್ಪುತ್ತದೆ. ಭುಜದ ಹೊಲಿಗೆಯಿಂದ ಹೊಲಿಗೆಗೆ 18, ತೋಳಿನ ಉದ್ದ 24 ಎಂದು ಅದರ ಜತೆಗೇ ಬರೆದುಕೊಳ್ಳಬೇಕು.

ಟೀ ಶರ್ಟು ಈ ಕೆಲಸಕ್ಕೆ ಬಾರದು. ಹೆಣೆದ ಬಟ್ಟೆ ಮೈಗೆ ತಕ್ಕಂತೆ ಹಿಗ್ಗುತ್ತದೆ, ಖಾದಿ ಹಿಗ್ಗುವುದಿಲ್ಲ.

ಇನ್ನುಳಿದದ್ದನ್ನು ಫೋನಿನಲ್ಲಿ ಕೇಳಬೇಕು. ಮೊದಲನೆಯದು, ಆ ಅಂಗಿ ಈಗಲೂ ಹಿಡಿಸುತ್ತದೆಯೇ ಎಂಬುದು. ಎರಡನೆಯದು, ಹೊಟ್ಟೆ ಮತ್ತು ಸೊಂಟದ ಕೆಳಗಿನ ಅಗಲವಾದ ಭಾಗದ ಸುತ್ತಳತೆ. ಜುಬ್ಬಾ ಪಕ್ಕದ ಸೀಳು ಶುರುವಾಗುವ ಜಾಗದಲ್ಲೇ ಬಿಗಿಯಾಗುವುದು ಹೆಚ್ಚು, ಎದೆಯಲ್ಲಿ ಸರಿಯಿದ್ದರೂ ಕೂತಾಗ ಅಲ್ಲಿ ಎಳೆಯುತ್ತದೆ. ಮೂರನೆಯದು, ಕಾಲರಿನ ಬುಡದ ಭುಜದಿಂದ ಮೊಣಕಾಲಿನವರೆಗಿನ ಉದ್ದ. ಅಂಗಿ ಇದನ್ನು ಹೇಳಲಾರದು. ಅವನು 40 ಇಂಚು ಎಂದನು ಅನ್ನಿ.

ಇನ್ನು ಕುಗ್ಗುವಿಕೆಯ ಲೆಕ್ಕ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಒಗೆದಾಗ ನೂರಕ್ಕೆ ಮೂರರಷ್ಟು ಕುಗ್ಗಿದರೂ 40 ಇಂಚಿನ ಉದ್ದದಲ್ಲಿ ಒಂದು ಇಂಚಿಗಿಂತ ಹೆಚ್ಚು ಹೋಗುತ್ತದೆ, 44ರ ಸುತ್ತಿನಲ್ಲೂ ಅಷ್ಟೇ. ಕೆನಡಾದಲ್ಲಿ ಬಟ್ಟೆಯನ್ನು ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸುವುದು ರೂಢಿ, ಅದರಲ್ಲಿ ಇನ್ನಷ್ಟು ಕುಗ್ಗಬಹುದು. ಹಾಗಾಗಿ ಈ ತಮ್ಮನಿಗೆ ಸುತ್ತಳತೆ 46, ಉದ್ದ 42 ಇಂಚಿನ ಜುಬ್ಬಾ ನೋಡಬೇಕು. ಕುಗ್ಗಿಸಿದ ಬಟ್ಟೆಯೇ ಎಂದು ಅಂಗಡಿಯವರನ್ನು ಕೇಳಿ, ಹೌದೆಂದರೆ ಈ ಹೆಚ್ಚಳ ಬೇಡ.

ಚೀಟಿ ಏನೇ ಹೇಳಲಿ, ಅಂಗಡಿಯಲ್ಲೇ ಟೇಪು ತೆಗೆದು ಜುಬ್ಬಾವನ್ನು ಹರಡಿ ಅಳೆಯುವುದು ಒಳ್ಳೆಯದು. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಮೊದಲು ಭುಜ ಸರಿಯಿರುವುದನ್ನು ಆರಿಸಬೇಕು. ಪಕ್ಕದ ಹೊಲಿಗೆಯನ್ನು ಯಾವ ದರ್ಜಿಯಾದರೂ ಒಳಗೆ ಹಿಡಿದು ಕೊಡುತ್ತಾನೆ. ಭುಜ ಇಳಿಬಿದ್ದರೆ ತೋಳು ಬಿಚ್ಚಿ ಮತ್ತೆ ಕೂಡಿಸಬೇಕು, ಅದಕ್ಕೆ ಟೊರಾಂಟೊದಲ್ಲಿ ತೆರುವ ಕೂಲಿ ಜುಬ್ಬಾದ ಬೆಲೆಯನ್ನೇ ಮೀರಬಹುದು.