ಹತ್ತು ಜನರ ಕೆಲಸಕ್ಕೆ ಹದಿನಾಲ್ಕು ಜನ ಏಕೆ?

ವಿದ್ಯಾರ್ಥಿಗಳೇ, ಒಂದು ಕಾಲ್ ಸೆಂಟರ್‌ಗೆ ಅರ್ಧ ಗಂಟೆಯಲ್ಲಿ 100 ಕರೆಗಳು ಬರುತ್ತವೆ, ಪ್ರತಿ ಕರೆಗೂ ಸರಾಸರಿ 3 ನಿಮಿಷ ಬೇಕು ಎಂದುಕೊಳ್ಳಿ. ಒಟ್ಟು 300 ನಿಮಿಷಗಳ ಕೆಲಸ. ಇದನ್ನು 30ರಿಂದ ಭಾಗಿಸಿ, 10 ಜನ ಸಾಕೆಂದು ನೀವು ಹೇಳಬಹುದು. ಆದರೆ ಕರೆಗಳು ಒಮ್ಮೆ ಒಟ್ಟಿಗೆ ನುಗ್ಗುತ್ತವೆ, ಒಮ್ಮೆ ಬರುವುದೇ ಇಲ್ಲ. ಬಿಡುವಿನ ನಿಮಿಷಗಳನ್ನು ಮುಂದಿನ ನೂಕುನುಗ್ಗಲಿಗೆಂದು ಕೂಡಿಡಲಾಗದು. ಹೀಗಾಗಿ ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿ ನೆರವಾಗುತ್ತದೆ. ಶೇಕಡಾ 80 ಕರೆಗಳಿಗೆ 20 ಸೆಕೆಂಡಿನೊಳಗೆ ಉತ್ತರಿಸುವುದು ಗುರಿಯೆನ್ನಿ. ಕಾಯುವವರು ಯಾರೂ ಫೋನ್ ಇಡದಿದ್ದರೆ, 12 ಜನರಿಂದ ಶೇಕಡಾ 64 ಮಾತ್ರ ಸಾಧ್ಯ. 14 ಜನರಿದ್ದರೆ ಶೇಕಡಾ 89. ಆದ್ದರಿಂದ ಪಾಳಿಪಟ್ಟಿಯಲ್ಲಿ ಪ್ರತಿ ಅರ್ಧ ಗಂಟೆಗೂ ಫೋನಿನ ಮುಂದೆ ಇರುವವರನ್ನಷ್ಟೇ ಎಣಿಸಬೇಕು. 14 ಜನರಲ್ಲಿ ಇಬ್ಬರು ಒಟ್ಟಿಗೆ ಊಟಕ್ಕೆ ಎದ್ದರೆ, ಮತ್ತೆ ಶೇಕಡಾ 64!